ಕಹಿಸೋರೆಯ ವಿಚಾರ

ತರಕಾರಿಗಳಲ್ಲೆಲ್ಲ ಸಾಧುವಾದುದು ಯಾವುದೆಂದು ಕೇಳಿದರೆ ಹತ್ತು ಮನೆಗಳಲ್ಲಿ ಎಂಟು ಮನೆಯವರು ಸೋರೆಕಾಯಿಯೆಂದೇ ಹೇಳಿಯಾರು. ಜ್ವರ ಬಿಟ್ಟು ಎದ್ದವನಿಗೆ ಸೋರೆಕಾಯಿಯ ತೊವ್ವೆ. ಹಲ್ಲಿಲ್ಲದ ಮುದುಕರಿಗೆ ಮೆತ್ತಗೆ ಬೇಯಿಸಿದ ಸೋರೆಕಾಯಿಯ ಕೂಟು. ಇದಕ್ಕೆ ತನ್ನದೆಂಬ ರುಚಿಯೂ ಇಲ್ಲ, ಹಟವೂ ಇಲ್ಲ. ಹಾಕಿದ ಉಪ್ಪು ಹುಳಿಗಳಿಗೆ ಒಗ್ಗಿಕೊಂಡು ಹೋಗುವ ಸ್ವಭಾವ. ಇಂತಹ ಕಾಯಿಯನ್ನು ಕುರಿತು ಅಪಾಯದ ಮಾತನ್ನಾಡಿದರೆ ವಾಚಕರು ನಕ್ಕಾರು. ಆದರೆ ಈಚಿನ ವರ್ಷಗಳಲ್ಲಿ ಇದನ್ನು ಬೇಯಿಸಿ ಉಣ್ಣುವುದಕ್ಕಿಂತ ಹಸಿಯಾಗಿಯೇ ಅರೆದು, ಸೋಸಿ, ಬೆಳಗ್ಗೆ ಬರಿಹೊಟ್ಟೆಯಲ್ಲಿ ಲೋಟದ ತುಂಬ ಕುಡಿಯುವ ಪದ್ಧತಿಯು ಊರೂರಿಗೂ ಹಬ್ಬಿದೆ. ಹೃದಯಕ್ಕೆ ಒಳ್ಳೆಯದು, ಮೈಯಿಳಿಸುವುದು, ಸಕ್ಕರೆ ಕಾಯಿಲೆಗೆ ಮದ್ದು ಎಂದು ಒಬ್ಬರಿಂದೊಬ್ಬರು ಕೇಳಿ ಕುಡಿಯುತ್ತಾರೆ. ಉದ್ಯಾನದ ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ಈ ರಸವನ್ನು ಮಾರುವವರೂ ಉಂಟು. ಈ ರಸದಿಂದ ಕೇಡುಂಟೇ ಎಂದು ನಮ್ಮನ್ನು ಕೇಳಿದವರು ಹಲವರು. ಸಿಹಿಸೋರೆಯ ರಸದಿಂದ ವಿಷಭಯವಿಲ್ಲ. ಕಹಿಸೋರೆಯ ರಸದಿಂದ ಪ್ರಾಣಕ್ಕೇ ಸಂಚಕಾರ ಬರಬಹುದು. ಇವೆರಡೂ ಹೊರಗಿನಿಂದ ನೋಡುವುದಕ್ಕೆ ಒಂದೇ ಬಗೆಯಾಗಿರುವುದರಿಂದಲೇ ಇಷ್ಟು ಬರೆಯಬೇಕಾಯಿತು.

2010ರಲ್ಲಿ ದೆಹಲಿಯಲ್ಲಿ ನಡೆದ ಸಂಗತಿಯನ್ನು ಕೆಲವು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಓದುಬರಹದಲ್ಲಿ ಎಲ್ಲರಿಗಿಂತ ಮುಂದಿದ್ದ, ವಿಜ್ಞಾನಕ್ಕೆ ಸಂಬಂಧಪಟ್ಟ ದೊಡ್ಡ ಸಂಸ್ಥೆಯೊಂದರಲ್ಲಿ ಅಧಿಕಾರಿಗಳಾಗಿದ್ದ ಒಬ್ಬರೂ ಅವರ ಪತ್ನಿಯೂ ಆರೋಗ್ಯಕ್ಕೆಂದು ಸೋರೆಕಾಯಿಯ ರಸವನ್ನು ಕುಡಿಯುವ ಅಭ್ಯಾಸವಿಟ್ಟುಕೊಂಡಿದ್ದರು. ಒಂದು ದಿನ ಅದಕ್ಕೆ ಹಾಗಲಕಾಯಿಯ ರಸವನ್ನೂ ಬೆರೆಸಿದ್ದರು. ಆ ದಿನದ ರಸವು ಎಂದಿಗಿಂತ ಹೆಚ್ಚು ಕಹಿಯಾಗಿದ್ದಿತು. ಕುಡಿದ ಸ್ವಲ್ಪ ಹೊತ್ತಿನಲ್ಲಿಯೇ ಇಬ್ಬರಿಗೂ ವಾಂತಿ ಭೇದಿಗಳು ಹಿಡಿದವು. ಪತ್ನಿಯು ಚಿಕಿತ್ಸೆಯಿಂದ ಉಳಿದರು, ಪತಿಯು ಉಳಿಯಲಿಲ್ಲ. ಇದು ದೇಶದಲ್ಲೆಲ್ಲ ಗದ್ದಲವನ್ನುಂಟುಮಾಡಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ತಜ್ಞರ ಸಮಿತಿಯೊಂದನ್ನು ನೇಮಿಸಿ, ಇಂತಹ ಪ್ರಸಂಗಗಳನ್ನು ಕಲೆಹಾಕಿಸಿ ವಿಚಾರಮಾಡಿಸಿದರು. ಆ ಸಮಿತಿಯ ವರದಿಯು 2012ರಲ್ಲಿ ಮಂಡಳಿಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟಾದರೂ 2018ರಲ್ಲಿ ಪುಣೆಯಲ್ಲಿ ಇದೇ ರಸವನ್ನು ಕುಡಿದ ಮಹಿಳೆಯೊಬ್ಬರು ತೀರಿಕೊಂಡರೆಂದು ಓದಿದೆವು. ಸಮಿತಿಯ ಎಚ್ಚರಿಕೆಯು ಅಡಿಗೆಮನೆಯವರೆಗೆ ಬಂದು ಮುಟ್ಟಲಿಲ್ಲವೆಂದೇ ಇದರ ಅರ್ಥ.

ಈ ಕಹಿಯ ಮೂಲವೇನು? ಸೋರೆ, ಸೌತೆ, ಹೀರೆ, ಪಡವಲ, ಕುಂಬಳ, ಕಲ್ಲಂಗಡಿ ಇವೆಲ್ಲ ಒಂದೇ ಕುಲದ ಬಳ್ಳಿಗಳು. ಈ ಕುಲದ ಗಿಡಗಳು ತಮ್ಮನ್ನು ಮೇಯಬರುವ ಹುಳುಗಳನ್ನೂ ಪ್ರಾಣಿಗಳನ್ನೂ ಓಡಿಸುವುದಕ್ಕಾಗಿ ತಮ್ಮ ಮೈಯಲ್ಲಿ ಒಂದು ಬಗೆಯ ಕಹಿ ದ್ರವ್ಯವನ್ನು ತಯಾರಿಸಿಕೊಳ್ಳುತ್ತವೆ. ಕುಂಬಳದ ಜಾತಿಗೆ ಲ್ಯಾಟಿನ್ ಭಾಷೆಯಲ್ಲಿರುವ ‘ಕುಕುರ್ಬಿಟ’ ಎಂಬ ಹೆಸರಿನಿಂದ ಈ ದ್ರವ್ಯಕ್ಕೆ ‘ಕುಕುರ್ಬಿಟಾಸಿನ್’ ಎಂದು ಹೆಸರಾಯಿತು. ಇದು ಒಂದೇ ವಸ್ತುವಲ್ಲ. ಒಂದೇ ತಾಯಿಯ ಮಕ್ಕಳಂತೆ ಹೋಲುವ ಹಲವು ವಸ್ತುಗಳ ಗುಂಪು. ಕಾಡುಬಳ್ಳಿಗಳಲ್ಲಿ ಎಲೆ, ಬೇರು, ಕಾಯಿ ಎಲ್ಲೆಡೆಯೂ ಇದು ತುಂಬಿರುತ್ತದೆ. ನಮ್ಮ ಪೂರ್ವಿಕರು ತಲೆತಲಾಂತರವಾಗಿ ಸಿಹಿಕಾಯಿ ಬಿಟ್ಟ ಬಳ್ಳಿಯ ಬೀಜವನ್ನೇ ಆರಿಸಿ ಬಿತ್ತಿ ಬಿತ್ತಿ, ಕಾಯಿಯೊಳಗಿನ ಈ ಕಹಿಯನ್ನು ಹೆಚ್ಚುಕಡಿಮೆ ಅಡಗಿಸಿದರು. ಅಡಗಿಸಿದರೆಂದೆವೇ ಹೊರತು ಅಳಿಸಿದರೆನ್ನಲಿಲ್ಲ. ಅದು ಮರಳಿ ತಲೆಯೆತ್ತುವುದಕ್ಕೆ ದಾರಿಗಳಿವೆ. ನೀರಿಲ್ಲದೆ ಬಾಡಿದ ಬಳ್ಳಿ, ಅತಿಯಾದ ಬಿಸಿಲಿಗೆ ಸಿಕ್ಕ ಬಳ್ಳಿ ಇವುಗಳ ಕಾಯಿಯಲ್ಲಿ ಕಹಿ ಹೆಚ್ಚಬಹುದು. ಬೀಜದ ಕುಲಸಂಕರದಿಂದ ಬರುವುದು ಇನ್ನೊಂದು ದಾರಿ; ಅದನ್ನು ಮುಂದೆ ಹೇಳುವೆವು.

ಹೊಟ್ಟೆಯೊಳಕ್ಕೆ ಹೋದ ಮೇಲೆ ಈ ದ್ರವ್ಯವು ಮಾಡುವ ಕೆಲಸವು ಕ್ರೂರವಾದುದು. ಜಠರದ ಮತ್ತು ಕರುಳಿನ ಒಳಪೊರೆಯನ್ನು ಕೆರಳಿಸಿ ಹುಣ್ಣುಮಾಡುತ್ತದೆ. ಸೂಕ್ಷ್ಮ ರಕ್ತನಾಳಗಳ ಗೋಡೆಗಳನ್ನು ಸಡಿಲಗೊಳಿಸುವುದರಿಂದ ರಕ್ತದೊಳಗಿನ ನೀರು ಹೊರಕ್ಕೆ ಜಿನುಗುತ್ತದೆ. ಆದುದರಿಂದ ವಾಂತಿಯೊಡನೆ ರಕ್ತ ಬೀಳುವುದು, ಭೇದಿಯಾಗುವುದು, ಹೊಟ್ಟೆ ಹಿಂಡುವಂತೆ ನೋಯುವುದು, ರಕ್ತದೊತ್ತಡವು ಇಳಿದು ಕೈಕಾಲು ತಣ್ಣಗಾಗುವುದು ಇವು ಒಂದರ ಹಿಂದೊಂದು ಬರಬಹುದು. ಕುಡಿದ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಇದು ಕಾಣಿಸಿಕೊಳ್ಳುತ್ತದೆ.

ನಮ್ಮ ಬೀದಿಯಲ್ಲಿಯೇ ಇಂತಹ ಒಂದು ಪ್ರಸಂಗವು ಒದಗಿ, ಕೈಮೀರುವುದಕ್ಕೆ ಮುಂಚೆ ತಪ್ಪಿತು. ನಮ್ಮ ಮನೆಯಿಂದ ಮೂರನೆಯ ಮನೆಯವರು ಕಂದಾಯ ಇಲಾಖೆಯಲ್ಲಿ ಕೆಲಸಮಾಡಿ ನಿವೃತ್ತರಾದವರು, ನಮಗಿಂತ ಐದಾರು ವರ್ಷ ಹಿರಿಯರು, ಸಕ್ಕರೆ ಕಾಯಿಲೆಯುಳ್ಳವರು. ಪ್ರತಿದಿನ ಬೆಳಗ್ಗೆ ಹಾಗಲಕಾಯಿಯ ರಸ ಕುಡಿಯುವ ನೇಮ ಅವರದು. ಅವರ ಹಿತ್ತಿಲ ಚಪ್ಪರದಲ್ಲಿ ಸೋರೆಬಳ್ಳಿಯು ಕಾಯಿ ಬಿಟ್ಟಿದ್ದಿತು. ಮೊದಲ ಕಾಯಿಯನ್ನು ಕೊಯ್ದು ಸೊಸೆಯು ಸಾಂಬಾರು ಮಾಡಿದಾಗ ಅದು ಬಾಯಿಗಿಡಲಾರದಷ್ಟು ಕಹಿಯಾಗಿ, ಪಾತ್ರೆಯನ್ನೇ ಚೆಲ್ಲಿದರು. ಮಾರನೆಯ ದಿನ ಮಾವನವರು ಎರಡನೆಯ ಕಾಯಿಯನ್ನು ತಾವೇ ಕೊಯ್ದು, ‘ಸಾಂಬಾರಿಗೆ ಬೇಡವಾದರೆ ಬೇಡ, ಹಾಗಲದ ಜೊತೆಗೆ ಇದನ್ನೂ ಅರೆದುಕೊಡು, ಕಹಿಯಿದ್ದಷ್ಟೂ ಸಕ್ಕರೆ ಇಳಿಯುತ್ತದೆ’ ಎಂದರಂತೆ. ಆ ಹೆಣ್ಣುಮಗಳು ನಮ್ಮ ಹಳೆಯ ವಿದ್ಯಾರ್ಥಿನಿ. ಮಾವನವರ ಮಾತಿಗೆ ಎದುರಾಡಲಾರದೆ, ಮಿಕ್ಸಿ ಕೆಟ್ಟಿದೆಯೆಂದು ನೆಪಹೇಳಿ, ನಮ್ಮ ಮನೆಗೆ ಬಂದು, ‘ಮೇಷ್ಟ್ರೇ, ನೀವೇ ಬಂದು ಒಂದು ಮಾತು ಹೇಳಿ, ನೀವು ಹೇಳಿದರೆ ಕೇಳುತ್ತಾರೆ’ ಎಂದಳು.

ನಾವು ಹೋದಾಗ ಹಿರಿಯರು ಜಗುಲಿಯ ಮೇಲೆ ಕುಳಿತಿದ್ದರು. ಬಂದ ಕಾರಣವನ್ನು ಹೇಳಿದೊಡನೆ, ‘ಏನು ಮೇಷ್ಟ್ರೇ, ಯುಗಾದಿಗೆ ಬೇವು ತಿನ್ನುವುದಿಲ್ಲವೇ? ಹಾಗಲಕಾಯಿ ಕಹಿಯಲ್ಲವೇ? ಕಹಿಯೆಲ್ಲ ವಿಷವಾದರೆ ವೈದ್ಯರಿಗೆ ಮದ್ದೆಲ್ಲಿಂದ ಬರಬೇಕು?’ ಎಂದು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಹಾಗಲದ ಕಹಿಗೂ ಸೋರೆಯ ಕಹಿಗೂ ದೂರದ ನಂಟುಂಟು. ಎರಡರ ರಚನೆಯೂ ಒಂದೇ ಮೂಲದಿಂದ ಬಂದುದು. ಆದರೆ ಹಾಗಲದಲ್ಲಿರುವುದು ಬೇರೆ ಪಂಗಡದ ವಸ್ತುಗಳು. ಅಡಿಗೆಯ ಪ್ರಮಾಣದಲ್ಲಿ ಅವನ್ನು ನಮ್ಮ ಜನರು ಬಹುಕಾಲದಿಂದ ಜೀರ್ಣಿಸಿಕೊಂಡು ಬಂದಿದ್ದಾರೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಹಾಗಲಕ್ಕೆ ಕಹಿಯು ಹುಟ್ಟುಗುಣ. ಸೋರೆಗೆ ಅದು ಹಾಗಲ್ಲ. ಸದಾ ಗದರುವವನು ಗದರಿದರೆ ಯಾರೂ ತಿರುಗಿ ನೋಡುವುದಿಲ್ಲ. ಎಂದೂ ದನಿಯೇರಿಸದವನು ಕೂಗಿದರೆ ಮನೆಯಲ್ಲಿ ಏನೋ ನಡೆದಿದೆಯೆಂದು ಓಡಬೇಕು. ಸೋರೆಯಲ್ಲಿ ಕಹಿ ಕಂಡಿತೆಂದರೆ ಕುಕುರ್ಬಿಟಾಸಿನ್ ಸೇರಿದೆಯೆಂದೇ ತಿಳಿಯತಕ್ಕದ್ದು.

ಹಿರಿಯರಿಗೆ ಪರದೇಶದ ಹೆಸರುಗಳಲ್ಲಿ ಅಷ್ಟಾಗಿ ನಂಬಿಕೆಯಿಲ್ಲ. ಆದುದರಿಂದ ನಾವು ನಮ್ಮ ಕಡೆಯ ಸಾಕ್ಷಿಯನ್ನೇ ಕರೆಯಬೇಕಾಯಿತು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು: ಅಲ್ಲಿ ತಿನ್ನುವ ಸೋರೆಗೆ ತುಂಬೀ, ಅಲಾಬೂ ಎಂಬ ಹೆಸರುಗಳಿದ್ದರೆ, ಕಹಿಸೋರೆಗೆ ಇಕ್ಷ್ವಾಕು, ಕಟುತುಂಬೀ ಎಂಬ ಬೇರೆ ಹೆಸರುಗಳಿವೆ. (ಶಾಸ್ತ್ರದ ಕಟ್ಟಿನಲ್ಲಿ ‘ಕಟು’ವೆಂದರೆ ಖಾರ, ‘ತಿಕ್ತ’ವೆಂದರೆ ಕಹಿ; ಇಲ್ಲಿ ಮಾತ್ರ ಕಟುಶಬ್ದವು ಸಡಿಲವಾಗಿ ನಿಂತಿದೆ. ಹುಡುಗರು ಇದನ್ನು ಕೇಳಿದಾಗಲೆಲ್ಲ ನಮಗೆ ಸಂತೋಷವಾಗುತ್ತಿತ್ತು.) ಸೂರ್ಯವಂಶದ ಮೂಲಪುರುಷನ ಹೆಸರೂ ಬೇಲಿಯ ಮೇಲಿನ ಕಹಿಕಾಯಿಯ ಹೆಸರೂ ಒಂದೇ ಆದುದು ವಿನೋದವೇ ಸರಿ. ಚರಕಸಂಹಿತೆಯ ಕಲ್ಪಸ್ಥಾನವೆಂಬ ಭಾಗವು ಮದನಫಲದಿಂದ ಮೊದಲಾಗುತ್ತದೆ. ಅದರ ಮೂರನೆಯ ಅಧ್ಯಾಯವೇ ಈ ಇಕ್ಷ್ವಾಕುವನ್ನು ಕುರಿತದ್ದು. ಅಲ್ಲಿ ಇದನ್ನು ಹೇಳಿರುವುದು ಊಟಕ್ಕಲ್ಲ, ಪುಷ್ಟಿಗೂ ಅಲ್ಲ. ವಮನಕ್ಕೆ, ಎಂದರೆ ರೋಗಿಗೆ ವಾಂತಿ ಮಾಡಿಸುವುದಕ್ಕೆ. ಅದೂ ರೋಗಿಯ ಬಲಾಬಲವನ್ನು ನೋಡಿ, ಮೊದಲೇ ಸಿದ್ಧತೆಗಳನ್ನು ಮಾಡಿ, ವೈದ್ಯನು ಪಕ್ಕದಲ್ಲಿ ನಿಂತು, ಅಳೆದು ಕೊಡತಕ್ಕ ಔಷಧ. ‘ಚರಕರು ವಾಂತಿಗೆ ಕೊಟ್ಟದ್ದನ್ನು ತಾವು ಲೋಟದಲ್ಲಿ ಉಪಾಹಾರಕ್ಕೆ ಮುಂಚೆ ಕುಡಿಯುವಿರಾ?’ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಸೆಯನ್ನು ಕರೆದು, ‘ಆ ಕಾಯಿಯನ್ನು ತಂದು ಇಲ್ಲಿಡಮ್ಮ’ ಎಂದರು.

ಕಾಯಿಯು ನೋಡುವುದಕ್ಕೆ ಅಂದವಾಗಿದ್ದಿತು. ಎಳೆಯ ಹಸಿರು, ನಯವಾದ ಸಿಪ್ಪೆ, ಉಗುರಿನಿಂದ ಒತ್ತಿದರೆ ಗುರುತು ಮೂಡುವಷ್ಟು ಎಳಸು. ಬಣ್ಣದಿಂದಾಗಲಿ ಗಾತ್ರದಿಂದಾಗಲಿ ವಾಸನೆಯಿಂದಾಗಲಿ ಇದು ಕಹಿಯೆಂದು ಯಾರೂ ಹೇಳಲಾರರು. ತೊಟ್ಟಿನ ಕಡೆಯಿಂದ ಉಗುರಿನಷ್ಟು ಚೂರನ್ನು ಕೊಯ್ದು ನಾಲಗೆಯ ತುದಿಗೆ ಮುಟ್ಟಿಸಿದೆವು. ಎರಡು ಕ್ಷಣ ಏನೂ ಇಲ್ಲ; ಅನಂತರ ನಾಲಗೆಯ ಬುಡದಿಂದ ಏರಿದ ಕಹಿಯು ಉಗುಳಿ ಬಾಯಿ ಮುಕ್ಕಳಿಸಿದ ಮೇಲೆಯೂ ಬಹಳ ಹೊತ್ತು ಹೋಗಲಿಲ್ಲ. ಈ ದ್ರವ್ಯವು ಅತ್ಯಲ್ಪ ಪ್ರಮಾಣದಲ್ಲಿದ್ದರೂ ನಾಲಗೆಗೆ ತಿಳಿಯುತ್ತದೆ. ಮನುಷ್ಯನ ಪುಣ್ಯವೆಂದರೆ ಇದೇ. ಬಹಳ ವಿಷಗಳು ರುಚಿಯಿಲ್ಲದೆ ಬರುತ್ತವೆ. ಇದು ಬಾಗಿಲಲ್ಲಿಯೇ ಕೂಗಿ ಹೇಳಿ ಬರುತ್ತದೆ.

ಹಿರಿಯರಿಗೆ ಆಮೇಲೆ ಬೇರೊಂದು ಸಂದೇಹವು ಹುಟ್ಟಿತು. ‘ಇದು ನಮ್ಮ ಮನೆಯ ಬೀಜವೇ. ಹೋದ ವರ್ಷ ಇದೇ ಚಪ್ಪರದ ಕಾಯಿಯನ್ನು ನಿಮ್ಮ ಮನೆಗೂ ಕಳುಹಿಸಿದ್ದೆವಲ್ಲ. ಆಗ ಬೆಲ್ಲದಂತಿದ್ದುದು ಈಗ ಬೇವಾದುದು ಹೇಗೆ?’ ಎಂದರು. ಇದಕ್ಕೆ ಉತ್ತರವು ಹಿತ್ತಿಲ ಗೋಡೆಯಾಚೆಯ ಪಾಳುನಿವೇಶನದಲ್ಲಿದ್ದಿತು. ಅಲ್ಲಿಯ ಬೇಲಿಯ ಮೇಲೆ ಯಾರೋ ಬಹುಹಿಂದೆ ಬುರುಡೆಗಾಗಿ ಹಾಕಿದ ಸೋರೆಯು ತಾನೇ ಬೀಜ ಉದುರಿಸಿಕೊಂಡು ವರ್ಷವರ್ಷವೂ ಹಬ್ಬುತ್ತಿತ್ತು. ಅದರ ಕಾಯಿಯು ಕಹಿಯೆಂದು ಬೀದಿಯ ಹುಡುಗರಿಗೆಲ್ಲ ಗೊತ್ತು. ಸೋರೆಯಲ್ಲಿ ಗಂಡುಹೂವೂ ಹೆಣ್ಣುಹೂವೂ ಬೇರೆಬೇರೆ. ಸಂಜೆಗೆ ಅರಳುವ ಬಿಳಿಯ ಹೂಗಳು. ಪತಂಗಗಳೂ ಇತರ ಕೀಟಗಳೂ ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತವೆ. ಅವಕ್ಕೆ ಗೋಡೆಯ ಅಡ್ಡಿಯಿಲ್ಲ.

ಹೋದ ವರ್ಷ ಬೇಲಿಯ ಸೋರೆಯ ಪರಾಗವು ಚಪ್ಪರದ ಸೋರೆಯ ಹೆಣ್ಣುಹೂವಿಗೆ ಬಿದ್ದಿತೆಂದಿಟ್ಟುಕೊಳ್ಳೋಣ. ಆ ಹೂವಿನಿಂದಾದ ಕಾಯಿಯು ಕಹಿಯಾಗುವುದಿಲ್ಲ. ಏಕೆಂದರೆ ಕಾಯಿಯ ತಿರುಳು ತಾಯಿಬಳ್ಳಿಯ ಮೈಯೇ ಹೊರತು ತಂದೆಗೆ ಅದರಲ್ಲಿ ಪಾಲಿಲ್ಲ. ತಂದೆಯ ಪಾಲಿರುವುದು ಒಳಗಿನ ಬೀಜದಲ್ಲಿ. ಆದುದರಿಂದ ಆ ವರ್ಷ ತಿಂದವರಿಗೆಲ್ಲ ಸಿಹಿಯೇ ಸಿಕ್ಕಿತು. ಬೀಜಕ್ಕೆಂದು ಬಳ್ಳಿಯಲ್ಲಿಯೇ ಬಲಿಯಬಿಟ್ಟು ಒಣಗಿಸಿದ ಕಾಯಿಯಲ್ಲಿ ಸಂಕರದ ಬೀಜಗಳು ಗುಟ್ಟಾಗಿ ಕುಳಿತವು. ಅವನ್ನು ಈ ವರ್ಷ ನೆಟ್ಟಾಗ ಹುಟ್ಟಿದ ಬಳ್ಳಿಗೆ ತಂದೆಯ ಕಹಿಯೂ ತಾಯಿಯ ಸಿಹಿಯೂ ಎರಡೂ ಬಂದವು. ಇಂತಹ ಕೂಡಿಕೆಯಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಕಹಿ. ಆ ಬಳ್ಳಿಯ ಕಾಯಿಗಳೆಲ್ಲ ಕಹಿಯಾದವು. ಅದೇ ಗುಂಡಿಯಲ್ಲಿ ಎದ್ದಿದ್ದ ಇನ್ನೊಂದು ಬಳ್ಳಿಯ ಕಾಯಿಯನ್ನು ಹೀಗೆಯೇ ನಾಲಗೆಗೆ ಮುಟ್ಟಿಸಿ ನೋಡಿದೆವು. ಅದು ಸಪ್ಪೆಸಿಹಿಯಾಗಿಯೇ ಇದ್ದಿತು. ಅದರ ಬೀಜಕ್ಕೆ ಬೇಲಿಯ ಪರಾಗವು ತಗುಲಿರಲಿಲ್ಲ. ಒಂದೇ ಚಪ್ಪರ, ಒಂದೇ ಗುಂಡಿ, ಒಂದೇ ಕಾಯಿಯ ಬೀಜ, ಆದರೂ ಒಂದು ಅನ್ನ, ಒಂದು ವಿಷ. ಹೀಗಿರುವಲ್ಲಿ ನಿನ್ನೆಯ ಕಾಯಿ ಚೆನ್ನಾಗಿತ್ತೆಂದು ಇಂದಿನ ಕಾಯಿಯನ್ನು ನಂಬುವುದು, ಬುಟ್ಟಿಯಲ್ಲಿ ಒಂದನ್ನು ನೋಡಿ ಉಳಿದವನ್ನು ಒಪ್ಪುವುದು ಹೇಗೆ ಸರಿಯಾದೀತು?

ಇನ್ನು ಗೃಹಿಣಿಯರು ಕೇಳುವ ಪ್ರಶ್ನೆ: ಬೇಯಿಸಿದರೆ ಹೋಗದೇ? ಹೋಗುವುದಿಲ್ಲ. ಒಲೆಯ ಶಾಖಕ್ಕೆ ಕುಕುರ್ಬಿಟಾಸಿನ್ ಮಣಿಯುವುದಿಲ್ಲ. 2015ರಲ್ಲಿ ಜರ್ಮನಿಯ ಹೈಡೆನ್‌ಹೈಮ್ ಎಂಬ ಊರಿನಲ್ಲಿ 79 ವರ್ಷದ ವೃದ್ಧರೊಬ್ಬರು ನೆರೆಯವರ ತೋಟದಲ್ಲಿ ಬೆಳೆದ ಜುಕೀನಿಯನ್ನು ಬೇಯಿಸಿ ತಿಂದು ತೀರಿಕೊಂಡರು. ಜುಕೀನಿಯೆಂಬುದು ಕುಂಬಳದ ಹತ್ತಿರದ ಬಂಧು. ಅವರ ಪತ್ನಿಯು ಕಹಿಯೆಂದು ಸ್ವಲ್ಪ ಮಾತ್ರ ತಿಂದುದರಿಂದ ಬದುಕಿದರು. ಸೌತೆಕಾಯಿಯ ತುದಿಯನ್ನು ಕೊಯ್ದು, ಉಪ್ಪು ಹಚ್ಚಿ, ನೊರೆ ಬರುವವರೆಗೆ ಉಜ್ಜಿ ಕಹಿ ತೆಗೆಯುವ ಪದ್ಧತಿಯು ನಮ್ಮಲ್ಲಿದೆ. ಸೌತೆಯಲ್ಲಿ ಇರುವ ಅಲ್ಪಸ್ವಲ್ಪ ಕಹಿಯು ಹೆಚ್ಚಾಗಿ ತೊಟ್ಟಿನ ಕಡೆಯಲ್ಲಿರುವುದರಿಂದ ತುದಿಯನ್ನು ಕೊಯ್ದು ಎಸೆದುದೇ ಅಲ್ಲಿ ಉಪಕಾರ ಮಾಡುತ್ತದೆ. ಉಜ್ಜುವಿಕೆಯ ಮಹಿಮೆಯಲ್ಲಿ ನಮಗೆ ಹೆಚ್ಚು ನಂಬಿಕೆಯಿಲ್ಲ. ಕಹಿಸೋರೆಯಲ್ಲಂತೂ ಈ ಉಪಾಯವನ್ನು ನೆಚ್ಚಲೇಬಾರದು.

ಬೇಯಿಸಿದ ಅಡಿಗೆಗಿಂತ ರಸದಿಂದಲೇ ಹೆಚ್ಚು ಜನರು ನರಳಿದುದಕ್ಕೆ ಕಾರಣವು ಸುಲಭವಾಗಿದೆ. ಒಂದು ಕಾಯಿಯ ಸಾಂಬಾರನ್ನು ಐದು ಜನರು ಹಂಚಿಕೊಂಡು ಉಣ್ಣುತ್ತಾರೆ. ಮೊದಲ ತುತ್ತನ್ನು ಅಗಿಯುವಾಗಲೇ ಕಹಿ ತಿಳಿದು ಎಲೆಯ ಪಕ್ಕಕ್ಕೆ ತಳ್ಳುತ್ತಾರೆ. ರಸದಲ್ಲಾದರೋ ಅರ್ಧ ಕಾಯಿಯ ಸಾರವೆಲ್ಲ ಒಂದೇ ಲೋಟಕ್ಕೆ ಇಳಿದಿರುತ್ತದೆ. ಅಗಿಯುವ ಮಾತಿಲ್ಲ; ಮೂಗು ಮುಚ್ಚಿಕೊಂಡು ಎರಡು ಉಸಿರಿನಲ್ಲಿ ಕುಡಿಯುತ್ತಾರೆ. ಹೊಟ್ಟೆಯೂ ಬರಿದು. ಮೇಲಾಗಿ ಅದಕ್ಕೆ ನಿಂಬೆ, ಶುಂಠಿ, ಪುದೀನ, ನೆಲ್ಲಿಕಾಯಿಗಳನ್ನು ಸೇರಿಸಿ ನಾಲಗೆಯ ಕಾವಲನ್ನು ಮಂಕುಮಾಡಿರುತ್ತಾರೆ. ಹಾಗಲದೊಡನೆ ಬೆರೆಸಿದರಂತೂ ಕಳ್ಳನನ್ನು ಅವನ ಅಣ್ಣತಮ್ಮಂದಿರ ನಡುವೆ ನಿಲ್ಲಿಸಿ ಗುರುತುಹಿಡಿಯಿರೆಂದ ಹಾಗಾಗುತ್ತದೆ. ಇದನ್ನು ಕಂಡೇ ಸಮಿತಿಯವರು ಸೋರೆರಸಕ್ಕೆ ಬೇರಾವ ರಸವನ್ನೂ ಬೆರೆಸಬಾರದೆಂದು ಹೇಳಿದ್ದಾರೆ.

ರಸ ಕುಡಿಯಲೇಬೇಕೆನ್ನುವವರು ಮಾಡಬೇಕಾದುದು ಇಷ್ಟು. ಅರೆಯುವುದಕ್ಕೆ ಮುಂಚೆ, ಒಂದೊಂದು ಕಾಯಿಯಿಂದಲೂ ತೊಟ್ಟಿನ ಕಡೆಯಲ್ಲೊಂದು, ನಡುವಿನಲ್ಲೊಂದು ಚಿಕ್ಕ ಚೂರನ್ನು ತೆಗೆದು ನಾಲಗೆಗೆ ಮುಟ್ಟಿಸಿ, ಸ್ವಲ್ಪ ಕಾದು ನೋಡಿ ಉಗುಳತಕ್ಕದ್ದು. ಕಹಿಯ ಛಾಯೆ ಕಂಡರೂ ಆ ಕಾಯಿಯನ್ನು ಪೂರ್ತಿಯಾಗಿ ಎಸೆಯತಕ್ಕದ್ದು. ಕಹಿಯ ಭಾಗವನ್ನು ಕೊಯ್ದು ಉಳಿದುದನ್ನು ಉಪಯೋಗಿಸುವ ಜಿಪುಣತನ ಬೇಡ. ವಯಸ್ಸಾದವರಲ್ಲಿ ನಾಲಗೆಯ ಚುರುಕು ತಗ್ಗಿರುವುದುಂಟು. ನೆಗಡಿ ಜ್ವರಗಳಲ್ಲಿ ರುಚಿ ಕೆಟ್ಟಿರುವುದುಂಟು. ಅಂಥವರು ಮನೆಯ ಇನ್ನೊಬ್ಬರ ನಾಲಗೆಯನ್ನು ಸಾಲವಾಗಿ ಪಡೆಯಬೇಕು. ಗಾಡಿಯವನು ಎಷ್ಟು ಕಾಯಿಗಳನ್ನು ರುಚಿನೋಡಿ ಅರೆದಾನೆಂಬುದನ್ನು ವಾಚಕರೇ ಊಹಿಸಲಿ; ನಾವಂತೂ ಆ ಲೋಟವನ್ನು ಮುಟ್ಟೆವು.

ಒಂದು ಗುಟುಕು ಕುಡಿದ ಮೇಲೆ ಕಹಿ ತಿಳಿದರೆ ಅಲ್ಲಿಗೇ ಲೋಟವನ್ನು ಕೆಳಗಿಡಬೇಕು. ದುಡ್ಡು ಕೊಟ್ಟ ಕಾಯಿಯೆಂದೋ ಮದ್ದೆಂದೋ ಮುಗಿಸಬಾರದು. ಕುಡಿದ ಮೇಲೆ ಹೊಟ್ಟೆ ತೊಳಸಿದರೆ, ವಾಂತಿಯಾದರೆ, ಭೇದಿಯಾದರೆ, ಮೈಯಲ್ಲಿ ಏನೋ ಸರಿಯಿಲ್ಲವೆಂದು ತೋರಿದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಜ್ಜಿಗೆ, ತುಪ್ಪ, ನಿಂಬೆಹಣ್ಣಿನ ಪಾನಕಗಳ ಪ್ರಯೋಗದಲ್ಲಿ ಹೊತ್ತು ಕಳೆಯಬಾರದು. ಈ ವಿಷಕ್ಕೆ ಪ್ರತಿವಿಷವೆಂಬುದಿಲ್ಲ. ಕಳೆದುಹೋದ ನೀರನ್ನು ರಕ್ತನಾಳದ ಮೂಲಕ ತುಂಬುವುದು, ಜಠರದ ಆಮ್ಲವನ್ನು ತಗ್ಗಿಸುವ ಔಷಧ ಕೊಡುವುದು, ರಕ್ತದೊತ್ತಡವನ್ನು ಕಾಯುವುದು ಇವೇ ವೈದ್ಯರ ಕೈಯಲ್ಲಿರುವ ಸಾಧನಗಳು. ಹೊತ್ತಿಗೆ ಸರಿಯಾಗಿ ಹೋದವರಲ್ಲಿ ಹೆಚ್ಚಿನವರು ಕೆಲವು ದಿನಗಳಲ್ಲಿ ಗುಣಹೊಂದಿದ್ದಾರೆ. ಹೋದವರು ‘ಕಹಿಯಾದ ಸೋರೆಕಾಯಿಯ ರಸ ಕುಡಿದೆವು’ ಎಂದು ಬಾಯಿಬಿಟ್ಟು ಹೇಳಬೇಕು. ಇಲ್ಲವಾದರೆ ಹಳಸಿದ ಊಟದಿಂದಾದ ವಾಂತಿಯೆಂದು ಭಾವಿಸುವುದಕ್ಕೆ ಎಡೆಯಾಗುತ್ತದೆ. ಉಳಿದ ರಸವೋ ಕಾಯಿಯ ತುಂಡೋ ಇದ್ದರೆ ಜೊತೆಗೆ ಒಯ್ಯುವುದು ಒಳ್ಳೆಯದು.

ಹಿತ್ತಿಲಿನಲ್ಲಿ ಬೆಳೆಯುವವರಿಗೆ ಇನ್ನೊಂದು ಮಾತು. ಕಹಿಕಾಯಿ ಬಿಟ್ಟ ಬಳ್ಳಿಯನ್ನು ಬುಡಸಹಿತ ಕಿತ್ತುಹಾಕಬೇಕು. ಅದು ಚಪ್ಪರದ ಮೇಲಿದ್ದಷ್ಟು ದಿನವೂ ಅದರ ಪರಾಗವು ಪಕ್ಕದ ಬಳ್ಳಿಯ ಬೀಜವನ್ನು ಕೆಡಿಸುತ್ತಿರುತ್ತದೆ. ಹತ್ತಿರದಲ್ಲಿ ಬುರುಡೆಯ ಸೋರೆ ಹಬ್ಬಿದ್ದರೆ ಮನೆಯ ಬೀಜವನ್ನು ಕೂಡಿಡುವ ಆಸೆಯನ್ನು ಬಿಟ್ಟು ಹೊಸ ಬೀಜವನ್ನು ತರುವುದು ಲೇಸು. ಮನೆಯ ಬೀಜವೇ ಬೇಕೆನ್ನುವವರು, ಸಂಜೆ ಅರಳಲಿರುವ ಹೆಣ್ಣುಹೂವೊಂದನ್ನು ಅರಳುವುದಕ್ಕೆ ಮುಂಚೆಯೇ ತೆಳುಬಟ್ಟೆಯ ಚೀಲದಿಂದ ಕಟ್ಟಿ, ಅರಳಿದ ಮೇಲೆ ಅದೇ ಬಳ್ಳಿಯ, ಹಾಗೆಯೇ ಮೊದಲೇ ಕಟ್ಟಿಟ್ಟಿದ್ದ ಗಂಡುಹೂವನ್ನು ಅದಕ್ಕೆ ಸವರಿ, ಮತ್ತೆ ಕಟ್ಟಿ, ಕಾಯಿ ಕಚ್ಚಿದ ಮೇಲೆ ಗುರುತಿನ ದಾರವನ್ನು ಸುತ್ತಿಡಬೇಕು. ನಮ್ಮ ನೆರೆಯ ಹಿರಿಯರು ಈ ವರ್ಷ ಸಿಹಿಬಳ್ಳಿಯಲ್ಲಿ ಹೀಗೆ ಎರಡು ಕಾಯಿಗಳಿಗೆ ಕೆಂಪು ದಾರವನ್ನು ಕಟ್ಟಿದ್ದಾರೆ. ಕಹಿಬಳ್ಳಿಯನ್ನು ಅಂದೇ ಕಿತ್ತರು. ಅದರಲ್ಲಿ ಆಗಲೇ ಬಲಿತಿದ್ದ ಒಂದು ದೊಡ್ಡ ಕಾಯಿಯನ್ನು ಮಾತ್ರ ಮಾಡಿನ ಕೆಳಗೆ ತೂಗುಹಾಕಿದ್ದಾರೆ. ಅದು ಒಣಗಿದ ಮೇಲೆ ಬೀಜವನ್ನೆಲ್ಲ ಒಲೆಗೆ ಹಾಕಿ, ಬುರುಡೆಯನ್ನು ಬೇಸಗೆಯಲ್ಲಿ ಮೊಮ್ಮಗನ ಬೆನ್ನಿಗೆ ಕಟ್ಟಿ ಕೆರೆಯಲ್ಲಿ ಈಜು ಕಲಿಸುವರಂತೆ.